ಮೂತ್ರಪರೀಕ್ಷೆಯ ಬಣ್ಣದ ಪಟ್ಟಿ: ಚೌಕಗಳ ಹಿಂದಿನ ರಸಾಯನಕ್ರಿಯೆ

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿಯೂ ಹೆರಿಗೆಪೂರ್ವ ತಪಾಸಣೆಯ ಕೋಣೆಯಲ್ಲಿಯೂ ಮೊದಲು ನಡೆಯುವ ಪರೀಕ್ಷೆಗಳಲ್ಲಿ ಮೂತ್ರಪರೀಕ್ಷೆ ಒಂದು. ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ತೆಗೆದು, ಅದರ ಮೇಲಿನ ಚಿಕ್ಕ ಚೌಕಗಳ ಬಣ್ಣವನ್ನು ಡಬ್ಬಿಯ ಮೇಲೆ ಅಚ್ಚಾಗಿರುವ ಬಣ್ಣಗಳೊಡನೆ ಹೋಲಿಸಿ ನೋಡಲಾಗುತ್ತದೆ. ಪ್ರತಿಯೊಂದು ಚೌಕವೂ ಬೇರೆ ಬೇರೆ ರಾಸಾಯನಿಕಗಳನ್ನು ಹೀರಿಸಿ ಒಣಗಿಸಿದ ಕಾಗದದ ತುಂಡು. ಮೂತ್ರ ತಾಗಿದೊಡನೆ ಆ ರಾಸಾಯನಿಕಗಳು ಕರಗಿ, ತಮ್ಮ ತಮ್ಮ ಕ್ರಿಯೆಯನ್ನು ಆರಂಭಿಸುತ್ತವೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಚೌಕದಲ್ಲಿ ಕಾಣುವ ಬಣ್ಣ ರೋಗದ ಬಣ್ಣವಲ್ಲ. ಅದು ಒಂದು ರಸಾಯನಕ್ರಿಯೆಯ ಫಲ. ಆ ಕ್ರಿಯೆಗೆ ಅಡ್ಡಿಪಡಿಸುವ ವಸ್ತು ಮೂತ್ರದಲ್ಲಿದ್ದರೆ, ರೋಗವಿದ್ದರೂ ಬಣ್ಣ ಮೂಡದಿರಬಹುದು. ಅದೇ ಕ್ರಿಯೆಯನ್ನು ಬೇರೊಂದು ವಸ್ತು ಉಂಟುಮಾಡಿದರೆ, ರೋಗವಿಲ್ಲದೆಯೂ ಬಣ್ಣ ಮೂಡಬಹುದು.

ಸಕ್ಕರೆಯ ಚೌಕ

ಪಟ್ಟಿ ಬಳಕೆಗೆ ಬರುವ ಮೊದಲು ಮೂತ್ರದ ಸಕ್ಕರೆಯನ್ನು ಬೆನೆಡಿಕ್ಟ್ ದ್ರಾವಣದಿಂದ ಪರೀಕ್ಷಿಸುತ್ತಿದ್ದರು. ತಾಮ್ರದ ಲವಣವುಳ್ಳ ಈ ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರವನ್ನು ಸೇರಿಸಿ ಕಾಯಿಸಿದಾಗ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಅದು ಹಸಿರು, ಹಳದಿ, ಕಡೆಗೆ ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ತಾಮ್ರವನ್ನು ಅಪಕರ್ಷಿಸಬಲ್ಲ ಯಾವ ವಸ್ತುವಾದರೂ ಇದೇ ಬಣ್ಣವನ್ನು ತರಬಲ್ಲದು. ಅಮೆರಿಕದ ಮೈಲ್ಸ್ ಪ್ರಯೋಗಾಲಯದಲ್ಲಿ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿಗಳ ಪ್ರಯತ್ನದಿಂದ 1956ರಲ್ಲಿ ಅದ್ದಿ ಓದುವ ಸಕ್ಕರೆ ಪಟ್ಟಿ ಮಾರುಕಟ್ಟೆಗೆ ಬಂದಿತು. ಕಾಯಿಸುವ ಕೆಲಸ ತಪ್ಪಿತು. ಪರೀಕ್ಷೆಯ ಹಿಂದಿನ ತತ್ತ್ವವೂ ಬದಲಾಯಿತು.

ಪಟ್ಟಿಯ ಸಕ್ಕರೆ ಚೌಕದಲ್ಲಿ ಎರಡು ಕಿಣ್ವಗಳಿವೆ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಮೊದಲನೆಯ ಕಿಣ್ವವು ಗ್ಲೂಕೋಸನ್ನು ಗ್ಲೂಕೋನಿಕ್ ಆಮ್ಲವನ್ನಾಗಿ ಪರಿವರ್ತಿಸುತ್ತದೆ. ಈ ಹಂತದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪೆರಾಕ್ಸಿಡೇಸ್ ಎಂಬ ಎರಡನೆಯ ಕಿಣ್ವವು ಆ ಪೆರಾಕ್ಸೈಡನ್ನು ಬಳಸಿಕೊಂಡು ಚೌಕದಲ್ಲಿರುವ ವರ್ಣಜನಕ ವಸ್ತುವನ್ನು ಉತ್ಕರ್ಷಿಸುತ್ತದೆ. ಆಗ ಬಣ್ಣ ಮೂಡುತ್ತದೆ. ಮೊದಲನೆಯ ಕಿಣ್ವವು ಗ್ಲೂಕೋಸನ್ನು ಬಿಟ್ಟು ಇತರ ಸಕ್ಕರೆಗಳನ್ನು ಗುರುತಿಸುವುದಿಲ್ಲ. ಗ್ಯಾಲಕ್ಟೋಸನ್ನು ಜೀರ್ಣಿಸಿಕೊಳ್ಳಲಾಗದ ಜನ್ಮಜಾತ ದೋಷವುಳ್ಳ ಶಿಶುವಿನ ಮೂತ್ರದಲ್ಲಿ ಗ್ಯಾಲಕ್ಟೋಸ್ ಇದ್ದರೂ ಪಟ್ಟಿ ಅದನ್ನು ತೋರಿಸದಿರುವುದು ಇದೇ ಕಾರಣದಿಂದ.

ಸಾಮಾನ್ಯವಾಗಿ ರಕ್ತದ 100 ಮಿಲಿಲೀಟರಿನಲ್ಲಿ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ಮೀರಿದಾಗ ಅದು ಮೂತ್ರದಲ್ಲಿ ಗಣನೀಯವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕಿಸುತ್ತವೆ. ಇವುಗಳನ್ನು ಸೇವಿಸುವವರಲ್ಲಿ ರಕ್ತದ ಸಕ್ಕರೆ ಹತೋಟಿಯಲ್ಲಿದ್ದರೂ ಈ ಚೌಕ ಗಾಢವಾದ ಬಣ್ಣ ತೋರಿಸುತ್ತದೆ. ಇಲ್ಲಿ ಪಟ್ಟಿ ತಪ್ಪು ಹೇಳಿದಂತಾಗಲಿಲ್ಲ. ಮೂತ್ರದಲ್ಲಿ ಸಕ್ಕರೆ ನಿಜವಾಗಿಯೂ ಇದೆ. ಮಧುಮೇಹ ಹತೋಟಿ ತಪ್ಪಿದೆ ಎಂದು ಅದರಿಂದ ತೀರ್ಮಾನಿಸುವುದು ಮಾತ್ರ ತಪ್ಪು.

ರಕ್ತದ ಚೌಕ

ರಕ್ತದ ಚೌಕದಲ್ಲಿ ಪೆರಾಕ್ಸೈಡ್ ಸಂಯುಕ್ತವನ್ನೂ ವರ್ಣಜನಕವನ್ನೂ ಮೊದಲೇ ಇರಿಸಲಾಗಿರುತ್ತದೆ. ಕಿಣ್ವ ಮಾತ್ರ ಇರುವುದಿಲ್ಲ. ಕೆಂಪು ರಕ್ತಕಣಗಳ ಹೀಮೋಗ್ಲೋಬಿನ್ ಪೆರಾಕ್ಸಿಡೇಸ್ ಕಿಣ್ವದಂತೆಯೇ ವರ್ತಿಸುವುದರಿಂದ, ಅದು ಬಂದು ಸೇರಿದೊಡನೆ ಕ್ರಿಯೆ ಪೂರ್ಣಗೊಂಡು ಹಳದಿ ಚೌಕ ಹಸಿರಾಗಿ ನೀಲಿಯತ್ತ ತಿರುಗುತ್ತದೆ. ಒಡೆಯದ ರಕ್ತಕಣಗಳು ಚೌಕದ ಮೇಲೆ ಬಿದ್ದು ಅಲ್ಲಲ್ಲಿಯೇ ಒಡೆದಾಗ ಚುಕ್ಕೆಚುಕ್ಕೆಯಾಗಿ ಬಣ್ಣ ಕಾಣುತ್ತದೆ. ಹೀಮೋಗ್ಲೋಬಿನ್ ಮೊದಲೇ ಕರಗಿದ್ದರೆ ಚೌಕವೆಲ್ಲ ಒಂದೇ ಸಮನಾಗಿ ಬಣ್ಣಗೊಳ್ಳುತ್ತದೆ.

ಸ್ನಾಯುಗಳಿಗೆ ತೀವ್ರವಾದ ಪೆಟ್ಟು ಬಿದ್ದಾಗ ಮೂತ್ರಕ್ಕೆ ಇಳಿಯುವ ಮಯೋಗ್ಲೋಬಿನ್ ಕೂಡ ಇದೇ ಕ್ರಿಯೆಯನ್ನು ನಡೆಸಬಲ್ಲದು. ಚೌಕ ನೀಲಿಯಾಗಿ, ಸೂಕ್ಷ್ಮದರ್ಶಕದಲ್ಲಿ ರಕ್ತಕಣಗಳು ಕಾಣದಿದ್ದರೆ ವೈದ್ಯರು ಈ ಸಾಧ್ಯತೆಯನ್ನು ಗಮನಕ್ಕೆ ತಂದುಕೊಳ್ಳುತ್ತಾರೆ. ಬ್ಲೀಚಿಂಗ್ ಪೌಡರಿನಿಂದ ತೊಳೆದು ಸರಿಯಾಗಿ ಜಾಲಿಸದ ಬಾಟಲಿಯೂ ತೊಂದರೆ ಕೊಡುತ್ತದೆ. ಅದರಲ್ಲಿ ಉಳಿದ ಹೈಪೋಕ್ಲೋರೈಟ್ ತಾನೇ ವರ್ಣಜನಕವನ್ನು ಉತ್ಕರ್ಷಿಸಿ, ಇಲ್ಲದ ರಕ್ತವನ್ನು ಇದೆಯೆಂದು ತೋರಿಸುತ್ತದೆ. ಮುಟ್ಟಿನ ದಿನಗಳಲ್ಲಿ ಸಂಗ್ರಹಿಸಿದ ಮೂತ್ರದಲ್ಲಿ ಹೊರಗಿನ ರಕ್ತ ಸೇರಿರುವ ಸಂಭವವಿರುವುದರಿಂದ, ಆ ವಿಷಯವನ್ನು ಮುಂಚಿತವಾಗಿ ತಿಳಿಸಬೇಕು.

ಸಿ ಜೀವಸತ್ವದ ಅಡ್ಡಿ

ಮೇಲಿನ ಎರಡೂ ಚೌಕಗಳಲ್ಲಿ ಬಣ್ಣ ಮೂಡುವುದು ಉತ್ಕರ್ಷಣದಿಂದ. ಸಿ ಜೀವಸತ್ವವಾದರೋ ಬಲವಾದ ಅಪಕರ್ಷಕ. ನೀರಿನಲ್ಲಿ ಕರಗುವ ಈ ಜೀವಸತ್ವವನ್ನು ಮಾತ್ರೆಗಳ ರೂಪದಲ್ಲಿ ಹೆಚ್ಚಾಗಿ ಸೇವಿಸಿದಾಗ, ದೇಹಕ್ಕೆ ಬೇಡವಾದ ಭಾಗ ಮೂತ್ರದಲ್ಲಿ ಹೊರಬರುತ್ತದೆ. ಅದು ಚೌಕವನ್ನು ತಲುಪಿದಾಗ ಪೆರಾಕ್ಸೈಡಿನೊಡನೆ ತಾನೇ ಕ್ರಿಯೆ ನಡೆಸಿಬಿಡುತ್ತದೆ; ವರ್ಣಜನಕಕ್ಕೆ ಉಳಿಯುವುದು ಅಲ್ಪ. ಹೀಗಾಗಿ ಸಕ್ಕರೆಯೂ ರಕ್ತವೂ ಅಲ್ಪ ಪ್ರಮಾಣದಲ್ಲಿದ್ದಾಗ ಚೌಕ ಬಣ್ಣವೇರದೆ ಉಳಿಯಬಹುದು. ಅವು ಹೇರಳವಾಗಿದ್ದರೆ ಬಣ್ಣ ಮೂಡುತ್ತದೆ, ಆದರೆ ಇರಬೇಕಾದುದಕ್ಕಿಂತ ತಿಳಿಯಾಗಿರಬಹುದು.

ಬೆನೆಡಿಕ್ಟ್ ದ್ರಾವಣದಲ್ಲಿ ಇದೇ ಜೀವಸತ್ವ ತಾಮ್ರವನ್ನು ಅಪಕರ್ಷಿಸಿ, ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುತ್ತದೆ. ಪಟ್ಟಿಯಲ್ಲಿ ಅದು ಇರುವ ಸಕ್ಕರೆಯನ್ನು ಮರೆಮಾಡುತ್ತದೆ. ವಸ್ತು ಒಂದೇ, ಪರೀಕ್ಷೆಯ ತತ್ತ್ವ ಬೇರೆಯಾದುದರಿಂದ ತಪ್ಪಿನ ದಿಕ್ಕೂ ಬೇರೆ. ಕೆಲವು ತಯಾರಕರು ಸಿ ಜೀವಸತ್ವವನ್ನು ನಾಶಪಡಿಸುವ ಅಯೊಡೇಟ್ ಪದರವನ್ನು ಪಟ್ಟಿಯಲ್ಲಿ ಸೇರಿಸುತ್ತಾರೆ. ಇನ್ನು ಕೆಲವರು ಅದನ್ನು ಗುರುತಿಸಲೆಂದೇ ಪ್ರತ್ಯೇಕ ಚೌಕವನ್ನು ಇಡುತ್ತಾರೆ.

ಪ್ರೋಟೀನಿನ ಚೌಕ

ಪ್ರೋಟೀನ್ ಚೌಕದ ಕ್ರಿಯೆ ಬೇರೆ ಬಗೆಯದು. ಇದರಲ್ಲಿರುವ ವರ್ಣಸೂಚಕವು ಆಮ್ಲದಲ್ಲಿ ಹಳದಿಯಾಗಿಯೂ ಆಮ್ಲತೆ ಕಡಿಮೆಯಾದಾಗ ನೀಲಿಯಾಗಿಯೂ ಕಾಣುತ್ತದೆ. ಚೌಕದ ಆಮ್ಲತೆಯನ್ನು ಬಫರಿನ ಸಹಾಯದಿಂದ ಪಿಎಚ್ 3ರ ಬಳಿ ಸ್ಥಿರವಾಗಿ ಇರಿಸಲಾಗಿದೆ. ಆದರೂ ಪ್ರೋಟೀನ್ ಸೇರಿದಾಗ ಅದು ವರ್ಣಸೂಚಕಕ್ಕೆ ಅಂಟಿಕೊಂಡು, ಆಮ್ಲತೆ ಬದಲಾಗದಿದ್ದರೂ ಬಣ್ಣವನ್ನು ಹಸಿರಿನತ್ತ ತಿರುಗಿಸುತ್ತದೆ. ಈ ಗುಣ ಮುಖ್ಯವಾಗಿ ಆಲ್ಬುಮಿನ್ನಿಗೆ ಸೇರಿದ್ದು. ಕೆಲವು ಮಜ್ಜೆಯ ಕ್ಯಾನ್ಸರುಗಳಲ್ಲಿ ಹೊರಬರುವ ಬೆನ್ಸ್ ಜೋನ್ಸ್ ಪ್ರೋಟೀನನ್ನು ಈ ಚೌಕ ಸಾಮಾನ್ಯವಾಗಿ ಗುರುತಿಸಲಾರದು.

ಮೂತ್ರ ಅತಿಯಾಗಿ ಕ್ಷಾರೀಯವಾಗಿದ್ದರೆ ಬಫರ್ ಸೋತು, ಪ್ರೋಟೀನ್ ಇಲ್ಲದೆಯೇ ಚೌಕ ಹಸಿರಾಗುತ್ತದೆ. ಹೊತ್ತುಗಟ್ಟಲೆ ಬಿಸಿಯಲ್ಲಿಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಗಳು ಯೂರಿಯವನ್ನು ಅಮೋನಿಯವನ್ನಾಗಿ ಒಡೆಯುವುದರಿಂದ ಹೀಗಾಗಬಹುದು. ಕ್ಲೋರ್‌ಹೆಕ್ಸಿಡಿನ್‌ನಂಥ ನಂಜುನಿವಾರಕಗಳ ಶೇಷವೂ ಇದೇ ತಪ್ಪಿಗೆ ಕಾರಣವಾಗುತ್ತದೆ. ಪಕ್ಕದ ಪಿಎಚ್ ಚೌಕ 8ಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಪ್ರೋಟೀನಿನ ಫಲಿತಾಂಶವನ್ನು ಬೇರೆ ವಿಧಾನದಿಂದ ಖಚಿತಪಡಿಸಿಕೊಳ್ಳಬೇಕು.

ಸೋಂಕನ್ನು ಸೂಚಿಸುವ ಚೌಕಗಳು

ಮೂತ್ರದ ಸೋಂಕನ್ನು ಎರಡು ಚೌಕಗಳು ಸೂಚಿಸುತ್ತವೆ. ಬಿಳಿ ರಕ್ತಕಣಗಳ ಎಸ್ಟರೇಸ್ ಕಿಣ್ವವು ಒಂದು ಚೌಕದಲ್ಲಿ ನೇರಳೆ ಬಣ್ಣವನ್ನು ತರುತ್ತದೆ. ಇನ್ನೊಂದು ನೈಟ್ರೈಟ್ ಚೌಕ. ಆಹಾರದಿಂದ ಮೂತ್ರಕ್ಕೆ ಬರುವ ನೈಟ್ರೇಟನ್ನು ಇ. ಕೋಲಿಯಂಥ ಬ್ಯಾಕ್ಟೀರಿಯಗಳು ನೈಟ್ರೈಟನ್ನಾಗಿ ಮಾರ್ಪಡಿಸುತ್ತವೆ. ಆ ನೈಟ್ರೈಟ್ ಚೌಕದ ರಾಸಾಯನಿಕಗಳೊಡನೆ ಸೇರಿ ಗುಲಾಬಿ ಬಣ್ಣ ಕೊಡುತ್ತದೆ. ಈ ಮಾರ್ಪಾಡಿಗೆ ಮೂತ್ರವು ಮೂತ್ರಕೋಶದಲ್ಲಿ ಸುಮಾರು 4 ಗಂಟೆಗಳ ಕಾಲ ನಿಂತಿರಬೇಕು. ಆದುದರಿಂದ ಬೆಳಗಿನ ಮೊದಲ ಮೂತ್ರ ಉತ್ತಮ. ಎಂಟರೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಗಳಿಗೆ ಈ ಮಾರ್ಪಾಡು ಸಾಧ್ಯವಿಲ್ಲ. ಸಿ ಜೀವಸತ್ವ ಈ ಚೌಕದ ಬಣ್ಣವನ್ನೂ ಕುಗ್ಗಿಸುತ್ತದೆ. ಉರಿಮೂತ್ರಕ್ಕೆ ಕೊಡುವ ಫೆನಜೊಪಿರಿಡಿನ್ ಮಾತ್ರೆಯಾದರೋ ಮೂತ್ರಕ್ಕೇ ಕಿತ್ತಳೆ ಬಣ್ಣ ಕೊಟ್ಟು ಹಲವು ಚೌಕಗಳ ಓದನ್ನು ಕೆಡಿಸುತ್ತದೆ.

ಕೀಟೋನ್ ಚೌಕ

ಈ ಚೌಕದ ನೈಟ್ರೊಪ್ರಸ್ಸೈಡ್ ಕ್ಷಾರದಲ್ಲಿ ಅಸಿಟೊಅಸಿಟೇಟಿನೊಡನೆ ಸೇರಿ ನೇರಳೆಯಾಗುತ್ತದೆ. ತೀವ್ರವಾದ ಮಧುಮೇಹದ ಕೀಟೋನ್ ವಿಕಾರದಲ್ಲಿ ಹೆಚ್ಚಾಗಿರುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್; ಅದನ್ನು ಈ ಚೌಕ ಗುರುತಿಸುವುದಿಲ್ಲ. ಬಣ್ಣ ತಿಳಿಯಾಗಿದೆಯೆಂದು ಮಧುಮೇಹಿಯ ವಾಂತಿ, ಏದುಸಿರುಗಳನ್ನು ಕಡೆಗಣಿಸುವುದು ಅಪಾಯಕರ. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್ ಇಲ್ಲಿ ಸುಳ್ಳು ಬಣ್ಣ ತರಬಲ್ಲದು.

ಒಂದು ಉದಾಹರಣೆ

ಮಧುಮೇಹವುಳ್ಳ 50 ವರ್ಷದ ಮಹಿಳೆಯೊಬ್ಬರು ನೆಗಡಿಗೆಂದು ದಿನಕ್ಕೆ ಎರಡು ಬಾರಿ 500 ಮಿಲಿಗ್ರಾಂ ಸಿ ಜೀವಸತ್ವದ ಮಾತ್ರೆ ಸೇವಿಸುತ್ತಿದ್ದಾರೆ ಎಂದು ಭಾವಿಸೋಣ. ಉರಿಮೂತ್ರದ ಬಾಧೆಯಿಂದ ಅವರು ಮಧ್ಯಾಹ್ನ ಆಸ್ಪತ್ರೆಗೆ ಬರುತ್ತಾರೆ. ಒಂದು ಗಂಟೆಯ ಹಿಂದಷ್ಟೇ ಮೂತ್ರ ವಿಸರ್ಜಿಸಿದ್ದಾರೆ. ಪಟ್ಟಿಯಲ್ಲಿ ಸಕ್ಕರೆ, ರಕ್ತ, ನೈಟ್ರೈಟ್ ಯಾವುವೂ ಕಾಣುವುದಿಲ್ಲ. ಬಿಳಿ ರಕ್ತಕಣದ ಚೌಕ ಮಾತ್ರ ತುಸು ನೇರಳೆಯಾಗಿದೆ. ಆದರೆ ರಕ್ತದ ಸಕ್ಕರೆ 200 ಮಿಲಿಗ್ರಾಂ. ಸೂಕ್ಷ್ಮದರ್ಶಕದಲ್ಲಿ ಪ್ರತಿ ನೋಟಕ್ಕೆ 6ರಿಂದ 8 ಕೆಂಪು ರಕ್ತಕಣಗಳು ಕಾಣುತ್ತವೆ.

ಪಟ್ಟಿಯ ಮಾತಿಗೂ ಇತರ ಪರೀಕ್ಷೆಗಳ ಮಾತಿಗೂ ಇರುವ ಈ ವಿರೋಧವೇ ಅಡ್ಡಿಯ ಸುಳಿವು. ಸಕ್ಕರೆ ಮತ್ತು ರಕ್ತದ ಚೌಕಗಳ ಮೌನಕ್ಕೆ ಸಿ ಜೀವಸತ್ವ ಒಂದೇ ಸಾಕು. ನೈಟ್ರೈಟ್ ಕಾಣದಿರಲು ಎರಡು ಕಾರಣಗಳಿವೆ: ಸಿ ಜೀವಸತ್ವ ಹಾಗೂ ಮೂತ್ರಕೋಶದಲ್ಲಿ ಮೂತ್ರ ನಿಂತ ಅಲ್ಪಕಾಲ. ವೈದ್ಯರು ಮೂತ್ರದ ಕಲ್ಚರ್ ಪರೀಕ್ಷೆಗೆ ಮಾದರಿಯನ್ನು ಕಳುಹಿಸಿ, ರೋಗಲಕ್ಷಣಗಳನ್ನು ನೋಡಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಪಟ್ಟಿಯ ಫಲಕ್ಕಾಗಿ ಚಿಕಿತ್ಸೆಯನ್ನು ತಡೆಹಿಡಿಯುವುದಿಲ್ಲ. ಸಿ ಜೀವಸತ್ವವನ್ನು ಕನಿಷ್ಠ 24 ಗಂಟೆ ನಿಲ್ಲಿಸಿ ಬೆಳಗಿನ ಮೊದಲ ಮೂತ್ರವನ್ನು ಮತ್ತೆ ಪರೀಕ್ಷಿಸಿದಾಗ, ಹಿಂದೆ ಮರೆಯಾಗಿದ್ದ ಸಕ್ಕರೆ ಮತ್ತು ರಕ್ತ ಚೌಕಗಳ ಮೇಲೆ ಕಾಣಿಸಿಕೊಳ್ಳಬಹುದು.

ಗಮನಿಸಬೇಕಾದ ಅಂಶಗಳು

ಪಟ್ಟಿಯ ಡಬ್ಬಿಯನ್ನು ತೆರೆದಿಡಬಾರದು. ಗಾಳಿಯ ತೇವ ಚೌಕಗಳ ರಾಸಾಯನಿಕಗಳನ್ನು ಕೆಡಿಸುತ್ತದೆ. ಪಟ್ಟಿಯನ್ನು ಅದ್ದಿ ಕೂಡಲೇ ತೆಗೆದು, ಅಂಚನ್ನು ಪಾತ್ರೆಯ ಬಾಯಿಗೆ ಒರಸಿ ಅಡ್ಡಲಾಗಿ ಹಿಡಿಯಬೇಕು. ಇಲ್ಲವಾದರೆ ಪ್ರೋಟೀನ್ ಚೌಕದ ಆಮ್ಲ ಪಕ್ಕದ ಪಿಎಚ್ ಚೌಕಕ್ಕೆ ಹರಿಯುತ್ತದೆ. ಪ್ರತಿ ಚೌಕವನ್ನೂ ಡಬ್ಬಿಯ ಮೇಲೆ ಸೂಚಿಸಿದ ಸಮಯಕ್ಕೆ ಓದಬೇಕು. ಹಲವು ಪಟ್ಟಿಗಳಲ್ಲಿ ಸಕ್ಕರೆಗೆ 30 ಸೆಕೆಂಡು, ಬಿಳಿ ರಕ್ತಕಣಗಳಿಗೆ 2 ನಿಮಿಷ. ಮೂತ್ರವನ್ನು 2 ಗಂಟೆಯೊಳಗೆ ಪರೀಕ್ಷಿಸಲಾಗದಿದ್ದರೆ ಫ್ರಿಜ್ಜಿನಲ್ಲಿಟ್ಟು, ಪರೀಕ್ಷೆಗೆ ಮುನ್ನ ಕೋಣೆಯ ಉಷ್ಣತೆಗೆ ತರಬೇಕು.

ಮಾದರಿಯನ್ನು ಕೊಡುವಾಗ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ತಿಳಿಸುವುದು ಅವಶ್ಯ. ಜೀವಸತ್ವದ ಮಾತ್ರೆಗಳನ್ನು ಔಷಧಿಯೆಂದು ಎಣಿಸದೆ ಬಿಟ್ಟುಬಿಡುವವರು ಹಲವರು. ಪಟ್ಟಿಯ ಮಟ್ಟಿಗೆ ಅವೂ ಎಣಿಕೆಗೆ ಸೇರಿದವೇ.