ಹತ್ತು ಪರ್ಸೆಂಟ್ ಓವರ್‌ಹೆಡ್: ಯಾವುದರ ಹತ್ತು ಪರ್ಸೆಂಟ್?

ಪ್ರಾಜೆಕ್ಟ್ ಬಜೆಟ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸೆನ್ಸರ್, ಬೋರ್ಡ್, ಪಿಸಿಬಿ, ಬಸ್ ಚಾರ್ಜು. ಇವನ್ನು ಬರೆಯೋದು ಸುಲಭ. ಬಿಲ್ ಇರುತ್ತದೆ, ಬೆಲೆ ಗೊತ್ತಿರುತ್ತದೆ. ಕಷ್ಟ ಶುರುವಾಗೋದು ಕೊನೆಯ ಸಾಲಿನಲ್ಲಿ: ‘ಓವರ್‌ಹೆಡ್, 10%’. ಅನುದಾನ ಕೊಡುವವರ ನಮೂನೆಯಲ್ಲಿ ಆ ಸಾಲು ಇದೆ ಅಂತ ಒಟ್ಟು ಮೊತ್ತಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಕಳಿಸಿಬಿಡುವವರೇ ಹೆಚ್ಚು. ಅದು ಯಾವುದರ ಹತ್ತು ಪರ್ಸೆಂಟ್ ಅಂತ ಕೇಳಿದರೆ ಉತ್ತರ ಇರೋದಿಲ್ಲ. ಈ ಬರಹದಲ್ಲಿ ನಾವು ಹಿಡಿಯೋದು ಆ ಒಂದೇ ಪ್ರಶ್ನೆಯನ್ನು.

ಪರೋಕ್ಷ ವೆಚ್ಚ ಅಂದರೇನು?

ಒಂದು ವೆಚ್ಚವನ್ನು ‘ಇದು ಈ ಪ್ರಾಜೆಕ್ಟಿಗೇ ಆದದ್ದು’ ಅಂತ ಬೆರಳಿಟ್ಟು ತೋರಿಸಬಹುದಾದರೆ ಅದು ನೇರ ವೆಚ್ಚ. ಕೆರೆಗೆ ಹಾಕಿದ ಸೆನ್ಸರ್, ಅಲ್ಲಿಗೆ ಹೋಗಿ ಬಂದ ಜೀಪಿನ ಡೀಸೆಲ್, ಆ ಕೆಲಸ ಮಾಡಿದ ಎಂಜಿನಿಯರ್ ಸಂಬಳ ಎಲ್ಲ ಇದರಲ್ಲಿ ಬರುತ್ತವೆ. ಕಚೇರಿ ಬಾಡಿಗೆ ಹಾಗಲ್ಲ. ಅದೇ ಕೋಣೆಯಲ್ಲಿ ಐದು ಪ್ರಾಜೆಕ್ಟ್ ನಡೆಯುತ್ತವೆ. ಅಕೌಂಟೆಂಟ್ ಐದಕ್ಕೂ ವೋಚರ್ ಬರೆಯುತ್ತಾರೆ. ಆಡಿಟರ್ ಇಡೀ ಸಂಸ್ಥೆಗೆ ಒಂದೇ ಫೀ ತಗೊಳ್ಳುತ್ತಾರೆ. ಇವಿಲ್ಲದೆ ಯಾವ ಪ್ರಾಜೆಕ್ಟೂ ನಡೆಯೋದಿಲ್ಲ, ಆದರೆ ಇದರಲ್ಲಿ ಯಾವ ಪ್ರಾಜೆಕ್ಟಿನ ಪಾಲು ಎಷ್ಟು ಅಂತ ಬಿಲ್ ನೋಡಿ ಹೇಳೋಕೆ ಬರೋದಿಲ್ಲ. ಅದಕ್ಕೇ ಇಂಥವನ್ನೆಲ್ಲ ಒಂದೇ ಗುಂಪಿಗೆ ಹಾಕಿ, ಒಂದು ದರದ ಮೂಲಕ ಎಲ್ಲ ಪ್ರಾಜೆಕ್ಟುಗಳಿಗೂ ಹಂಚುತ್ತಾರೆ. ಆ ಗುಂಪಿಗೆ ಪೂಲ್ ಅಂತಲೂ, ಯಾವುದರ ಮೇಲೆ ಹಂಚುತ್ತೇವೋ ಅದಕ್ಕೆ ಬೇಸ್ ಅಂತಲೂ ಹೆಸರು. ದರ ಅಂದರೆ ಪೂಲನ್ನು ಬೇಸಿನಿಂದ ಭಾಗಿಸಿದರೆ ಬರುವ ಸಂಖ್ಯೆ, ಅಷ್ಟೇ.

ಒಂದು ಪೂಲ್, ನಾಲ್ಕು ದರ

ಕೆರೆಗಳ ನೀರಿನ ಗುಣಮಟ್ಟ ಅಳೆಯುವ ಒಂದು ಸಣ್ಣ ಸಂಸ್ಥೆ ಇದೆ ಅಂತ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾವೇ ಹಾಕಿಕೊಂಡವು. ಕಳೆದ ವರ್ಷದ ಆಡಿಟ್ ಆದ ಲೆಕ್ಕಪತ್ರದಲ್ಲಿ ಎಲ್ಲ ಪ್ರಾಜೆಕ್ಟುಗಳ ನೇರ ವೆಚ್ಚ ಸೇರಿ ₹100 ಲಕ್ಷ. ಸಾಮಾನ್ಯ ವೆಚ್ಚ ₹21 ಲಕ್ಷ. ಇದರಲ್ಲಿ ತೆರಿಗೆ ತಡವಾಗಿ ಕಟ್ಟಿದ ದಂಡ, ವಾರ್ಷಿಕೋತ್ಸವದ ಊಟ ಇಂಥವು ₹1 ಲಕ್ಷ. ಬೇರೆಯವರ ಅನುದಾನದಿಂದ ಇವನ್ನು ವಸೂಲಿ ಮಾಡೋದು ಸರಿಯಲ್ಲ, ಮೊದಲೇ ತೆಗೆದುಬಿಡಬೇಕು. ಉಳಿದದ್ದು ₹20 ಲಕ್ಷ: ಬಾಡಿಗೆ 5, ಅಕೌಂಟ್ಸ್ ಮತ್ತು ಕಚೇರಿ ಸಿಬ್ಬಂದಿ 8, ನಿರ್ದೇಶಕರ ಸಾಮಾನ್ಯ ಕೆಲಸದ ಸಮಯ 4, ಕರೆಂಟು ಮತ್ತು ಇಂಟರ್ನೆಟ್ 2, ಆಡಿಟ್ 1. ಇದೇ ಪೂಲ್.

ಈಗ ಬೇಸ್. ಇಡೀ ನೇರ ವೆಚ್ಚ 100 ಲಕ್ಷವನ್ನೇ ಬೇಸ್ ಮಾಡಿದರೆ ದರ 20%. ಆದರೆ ಆ ನೂರರಲ್ಲಿ 15 ಲಕ್ಷ ದೊಡ್ಡ ಉಪಕರಣಗಳದ್ದು, 5 ಲಕ್ಷ ವಿದ್ಯಾರ್ಥಿಗಳ ಸ್ಟೈಪೆಂಡ್. ಇವೆರಡನ್ನೂ ತೆಗೆದರೆ ಬೇಸ್ 80 ಲಕ್ಷ, ದರ 25%. ಪ್ರಾಜೆಕ್ಟ್ ಸಿಬ್ಬಂದಿಯ ಸಂಬಳ 50 ಲಕ್ಷ ಮಾತ್ರ ಬೇಸ್ ಆದರೆ ದರ 40%. ಪೂಲ್ ಮತ್ತು ನೇರ ವೆಚ್ಚ ಎರಡೂ ಸೇರಿದ 120 ಲಕ್ಷದಲ್ಲಿ ಇದರ ಪಾಲೆಷ್ಟು ಅಂತ ನೋಡಿದರೆ ಸುಮಾರು 16.7%.

ನಾಲ್ಕೂ ಅದೇ ₹20 ಲಕ್ಷದ ಮುಖಗಳು. ಒಂದು ಸಂಸ್ಥೆ 40% ಓವರ್‌ಹೆಡ್ ಹಾಕುತ್ತದೆ, ಇನ್ನೊಂದು 17% ಮಾತ್ರ ಅಂತ ಕೇಳಿ ಮೊದಲನೆಯದು ದುಂದು ಅಂತ ತೀರ್ಮಾನಿಸೋ ಹಾಗಿಲ್ಲ. ಬೇಸ್ ಹೇಳದ ದರ ಅಂದರೆ ಯೂನಿಟ್ ಬರೆಯದ ರೀಡಿಂಗ್ ಇದ್ದ ಹಾಗೆ.

ಉಪಕರಣ ಮತ್ತು ಸ್ಟೈಪೆಂಡನ್ನು ತೆಗೆಯೋದು ಯಾಕೆ? ₹3 ಲಕ್ಷದ ಒಂದು ಯಂತ್ರ ಕೊಳ್ಳೋಕೆ ಮೂರು ಕೊಟೇಶನ್, ಒಂದು ಪರ್ಚೇಸ್ ಆರ್ಡರ್, ಒಂದು ಬಿಲ್ ಸಾಕು. ಅದೇ ₹3 ಲಕ್ಷ ಒಬ್ಬ ಎಂಜಿನಿಯರ್ ಸಂಬಳವಾದರೆ ವರ್ಷವಿಡೀ ಒಂದು ಮೇಜು, ಕರೆಂಟು, ತಿಂಗಳಿಗೊಂದು ಪೇ ಸ್ಲಿಪ್, ಪ್ರಯಾಣದ ವೋಚರುಗಳು ಎಲ್ಲ ಬೇಕು. ಕಚೇರಿಯ ಮೇಲೆ ಬೀಳುವ ಹೊರೆ ಎರಡರದ್ದೂ ಒಂದೇ ಅಲ್ಲ. ಹೀಗೆ ತೆಗೆದು ಉಳಿದ ಬೇಸಿಗೆ ‘ಮಾರ್ಪಡಿಸಿದ ಒಟ್ಟು ನೇರ ವೆಚ್ಚ’ ಅಂತ ಹೆಸರು. ಇಂಗ್ಲಿಷ್ ಕಾಗದಗಳಲ್ಲಿ ಎಂಟಿಡಿಸಿ ಅಂತ ಕಂಡರೆ ಅದು ಇದೇ.

ಬಜೆಟ್ಟಿನಲ್ಲಿ ತೋರಿಸೋದು ಹೇಗೆ?

ಈ ಸಂಸ್ಥೆ ಒಂದು ವರ್ಷದ ಹೊಸ ಪ್ರಾಜೆಕ್ಟಿಗೆ ಅರ್ಜಿ ಹಾಕುತ್ತಿದೆ. ತನ್ನ 25% ದರವನ್ನು ಬಳಸಿದರೆ ಬಜೆಟ್ ಹೀಗಿರುತ್ತದೆ:

| ವಿವರ | ಮೊತ್ತ (₹) |
|---|---|
| ಇಬ್ಬರು ಫೀಲ್ಡ್ ಎಂಜಿನಿಯರ್, ತಿಂಗಳಿಗೆ 25,000, 12 ತಿಂಗಳು | 6,00,000 |
| ಪ್ರಯಾಣ | 1,00,000 |
| ಸೆನ್ಸರ್, ಕೇಬಲ್, ಕೆಮಿಕಲ್ | 1,00,000 |
| ನೀರು ಪರೀಕ್ಷಾ ಉಪಕರಣ | 3,00,000 |
| ವಿದ್ಯಾರ್ಥಿ ಸ್ಟೈಪೆಂಡ್ | 1,00,000 |
| ಒಟ್ಟು ನೇರ ವೆಚ್ಚ | 12,00,000 |
| ಬೇಸ್ (ಉಪಕರಣ, ಸ್ಟೈಪೆಂಡ್ ಬಿಟ್ಟು) | 8,00,000 |
| ಪರೋಕ್ಷ ವೆಚ್ಚ, ಬೇಸಿನ 25% | 2,00,000 |
| ಒಟ್ಟು | 14,00,000 |

ಬೇಸ್ ಅನ್ನೋ ಸಾಲು ಕೂಡುವ ಲೆಕ್ಕಕ್ಕೆ ಸೇರೋದಿಲ್ಲ, ಆದರೆ ಅದು ಅಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಬಜೆಟ್ ಪರಿಶೀಲಿಸುವವರು 2 ಲಕ್ಷವನ್ನು 12 ಲಕ್ಷದಿಂದ ಭಾಗಿಸಿ 16.67% ಪಡೆದು, ‘25% ಅಂದಿದ್ದಿರಲ್ಲ?’ ಅಂತ ವಾಪಸ್ ಕಳಿಸುತ್ತಾರೆ. ಕೆಳಗೆ ಎರಡು ಸಾಲಿನ ಟಿಪ್ಪಣಿಯೂ ಬೇಕು: ದರ ಯಾವ ವರ್ಷದ ಆಡಿಟ್ ಲೆಕ್ಕದಿಂದ ಬಂತು, ಬೇಸಿನಿಂದ ಏನೇನು ತೆಗೆದಿದೆ ಅಂತ.

ಅವರು ‘ಒಟ್ಟು ಅನುದಾನದ 10%’ ಅಂದರೆ

ಹೆಚ್ಚಿನವರು ಎಡವೋದು ಇಲ್ಲೇ. ನೇರ ವೆಚ್ಚ 12 ಲಕ್ಷ, ಅದರ 10% ಅಂದರೆ ₹1,20,000 ಅಂತ ಬರೆದುಬಿಡುತ್ತಾರೆ. ಆದರೆ ಒಟ್ಟು ಅನುದಾನದಲ್ಲಿ ಓವರ್‌ಹೆಡ್ ಕೂಡ ಸೇರಿದೆ. ಓವರ್‌ಹೆಡ್ X ಆದರೆ X = 0.10 × (12 ಲಕ್ಷ + X). ಬಿಡಿಸಿದರೆ 12 ಲಕ್ಷವನ್ನು 0.10ರಿಂದ ಗುಣಿಸಿ 0.90ರಿಂದ ಭಾಗಿಸಬೇಕು. ಉತ್ತರ ₹1,33,333. ನೇರ ವೆಚ್ಚ B10 ಕೋಶದಲ್ಲಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಹೀಗೆ:

```
=ROUNDDOWN(B10*0.10/(1-0.10),0)
```

ರೂಪಾಯಿಗೆ ಕೆಳಕ್ಕೆ ಇಳಿಸೋದು ಮಿತಿ ಒಂದು ರೂಪಾಯಿಯೂ ದಾಟದಿರಲಿ ಅಂತ. ₹13,333 ಬಿಟ್ಟುಕೊಡೋದು ಸಂಸ್ಥೆಗೆ ನಷ್ಟ, ಅಷ್ಟೇ. ಉಲ್ಟಾ ಆದರೆ ಇನ್ನೂ ತೊಂದರೆ. ‘ನೇರ ವೆಚ್ಚದ 10%’ ಅಂತ ನಿಯಮ ಇದ್ದಾಗ 0.90ರಿಂದ ಭಾಗಿಸಿದರೆ ಮಿತಿ ಮೀರುತ್ತದೆ, ಬಜೆಟ್ ತಿರಸ್ಕಾರವೂ ಆಗಬಹುದು. ಹಾಗಾಗಿ ನಿಯಮದಲ್ಲಿ ‘ನೇರ’ ಅಂತ ಇದೆಯಾ, ‘ಒಟ್ಟು’ ಅಂತ ಇದೆಯಾ ನೋಡಿಯೇ ಫಾರ್ಮುಲಾ ಹಾಕಬೇಕು.

ನಿಜವಾದ ನಿಯಮಗಳಲ್ಲೂ ಬೇಸ್ ಹೀಗೇ ಬದಲಾಗುತ್ತದೆ. ಅಮೆರಿಕದ ಫೆಡರಲ್ ಅನುದಾನಗಳಲ್ಲಿ, ಸರ್ಕಾರದ ಜೊತೆ ದರ ನಿಗದಿ ಮಾಡಿಕೊಳ್ಳದ ಸಂಸ್ಥೆಗಳು ಎಂಟಿಡಿಸಿಯ 15%ವರೆಗೆ ಹಾಕಬಹುದು. 2024ರ ಅಕ್ಟೋಬರ್ 1ಕ್ಕೆ ಮೊದಲು ಇದು 10% ಇತ್ತು. ಯುರೋಪಿನ ಹೊರೈಜನ್ ಯುರೋಪ್ ಯೋಜನೆಯಲ್ಲಿ ಸಾಮಾನ್ಯವಾಗಿ 25%ರ ನಿಗದಿತ ದರ, ಆದರೆ ಉಪಗುತ್ತಿಗೆಯ ಹಣ ಬೇಸಿನಲ್ಲಿ ಬರೋದಿಲ್ಲ. ನಮ್ಮ ದೇಶದ ವಿದೇಶಿ ದೇಣಿಗೆ ಕಾಯ್ದೆಯಲ್ಲಿ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು 50%ರಿಂದ 20%ಕ್ಕೆ ಇಳಿಸಿತು. ಅಲ್ಲಿ ಬೇಸ್ ಒಂದು ಪ್ರಾಜೆಕ್ಟ್ ಅಲ್ಲ, ಸಂಸ್ಥೆಗೆ ಆ ಆರ್ಥಿಕ ವರ್ಷದಲ್ಲಿ ಬಂದ ವಿದೇಶಿ ದೇಣಿಗೆ. ಇನ್ನು ಸಿಎಸ್‌ಆರ್ ನಿಯಮದ 5% ಮಿತಿಯನ್ನು ಹಲವರು ಪ್ರಾಜೆಕ್ಟ್ ಮಾಡುವ ಸಂಸ್ಥೆಯ ಓವರ್‌ಹೆಡ್ ಅಂದುಕೊಳ್ಳುತ್ತಾರೆ. ನಿಯಮ ಹೇಳೋದು ಕಂಪನಿಯೇ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡುವ ಆಡಳಿತ ವೆಚ್ಚದ ಬಗ್ಗೆ.

ಎರಡು ಕಡೆ ಹುಷಾರಾಗಿರಬೇಕು

ಮೊದಲನೆಯದು ಡಬಲ್ ಲೆಕ್ಕ. ಅಕೌಂಟೆಂಟ್ ಸಂಬಳ ಪೂಲಿನಲ್ಲಿದೆ. ಓವರ್‌ಹೆಡ್ ಮೊತ್ತ ಸಾಲದು ಅಂತ ಅದೇ ವ್ಯಕ್ತಿಯ 20% ಸಮಯವನ್ನು ‘ಪ್ರಾಜೆಕ್ಟ್ ಅಕೌಂಟ್ಸ್’ ಅಂತ ನೇರ ವೆಚ್ಚದಲ್ಲೂ ಬರೆದರೆ ಅನುದಾನ ಕೊಡುವವರು ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಆಡಿಟ್‌ನಲ್ಲಿ ಸಿಕ್ಕಿದರೆ ಹಣ ವಾಪಸ್ ಕೇಳುತ್ತಾರೆ. ನೇರವಾಗಿ ತೋರಿಸಲೇಬೇಕು ಅಂದರೆ ಆ ಪಾಲನ್ನು ಪೂಲಿನಿಂದ ತೆಗೆದು ದರವನ್ನು ಹೊಸದಾಗಿ ಲೆಕ್ಕ ಹಾಕಬೇಕು, ಉಳಿದ ಪ್ರಾಜೆಕ್ಟುಗಳಲ್ಲೂ ಹಾಗೇ ತೋರಿಸಬೇಕು. ಪೂಲಿನ ಪಟ್ಟಿ ಮತ್ತು ಬಜೆಟ್ಟಿನ ಪಟ್ಟಿ ಪಕ್ಕಪಕ್ಕ ಇಟ್ಟು, ಒಂದೇ ಹೆಸರು ಎರಡರಲ್ಲೂ ಇದೆಯಾ ಅಂತ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ನಡುವೆ ಆಗುವ ಬದಲಾವಣೆ. ನಮ್ಮ 25% ಬಜೆಟ್ಟಿನಲ್ಲಿ ಉಪಕರಣ 3 ಲಕ್ಷದ ಬದಲು 2 ಲಕ್ಷಕ್ಕೇ ಸಿಕ್ಕಿತು ಅಂದುಕೊಳ್ಳಿ. ಉಳಿದ ₹1 ಲಕ್ಷವನ್ನು ಪೂರ್ತಿ ಸಂಬಳಕ್ಕೆ ಹಾಕೋಣ ಅನ್ನಿಸುತ್ತದೆ. ಆದರೆ ಉಪಕರಣ ಬೇಸಿನ ಹೊರಗಿತ್ತು, ಸಂಬಳ ಒಳಗಿದೆ. ಸಂಬಳಕ್ಕೆ ಹಾಕಿದ ಪ್ರತಿ ರೂಪಾಯಿಯ ಜೊತೆ 25 ಪೈಸೆ ಓವರ್‌ಹೆಡ್ ಬರುತ್ತದೆ. ಒಟ್ಟು ಮೊತ್ತ 14 ಲಕ್ಷ ದಾಟಬಾರದು ಅಂದರೆ ಸಂಬಳಕ್ಕೆ ಹೋಗಬಹುದಾದ್ದು 1,00,000 ÷ 1.25, ಅಂದರೆ ₹80,000 ಮಾತ್ರ.

ಉಳಿದ ಅಂತರ ಯಾರ ತಲೆ ಮೇಲೆ?

ಸಂಸ್ಥೆಯ ಲೆಕ್ಕದ ಪ್ರಕಾರ ಈ ಪ್ರಾಜೆಕ್ಟಿನ ಪಾಲಿನ ಪರೋಕ್ಷ ವೆಚ್ಚ ₹2,00,000. ‘ಒಟ್ಟರ 10%’ ಕೊಡುವವರಿಂದ ಬರೋದು ₹1,33,333. ಅಂತರ ₹66,667. ಈ ಪ್ರಾಜೆಕ್ಟ್ ಸಿಕ್ಕಿತು ಅಂತ ಸಿಹಿ ಹಂಚಿದರೂ, ಬಾಡಿಗೆ ಮತ್ತು ಅಕೌಂಟೆಂಟ್ ಸಂಬಳದಲ್ಲಿ ಅಷ್ಟು ಹಣ ಬೇರೆಲ್ಲಿಂದಾದರೂ ಬರಬೇಕು. ಇಂಥ ಮೂರು ಪ್ರಾಜೆಕ್ಟ್ ಹಿಡಿದರೆ ವರ್ಷಕ್ಕೆ ₹2 ಲಕ್ಷ ಕೊರತೆ. ಅದು ಕಾಣಿಸಿಕೊಳ್ಳೋದು ಲ್ಯಾಬ್ ಇನ್‌ಚಾರ್ಜ್ ಹುದ್ದೆ ಖಾಲಿ ಬಿಡೋದರಲ್ಲಿ, ಉಪಕರಣಕ್ಕೆ ಕ್ಯಾಲಿಬ್ರೇಶನ್ ಮಾಡಿಸದೆ ಮುಂದೂಡೋದರಲ್ಲಿ.

ಇನ್ನೊಂದು ಸುಳಿಯೂ ಇದೆ. ಪೂಲಿನ ಬಹುಪಾಲು ಸ್ಥಿರ ವೆಚ್ಚ. ಪ್ರಾಜೆಕ್ಟುಗಳು ಕಡಿಮೆಯಾದವು ಅಂತ ಬಾಡಿಗೆ ಇಳಿಯೋದಿಲ್ಲ. ಮುಂದಿನ ವರ್ಷ ಬೇಸ್ 80ರಿಂದ 60 ಲಕ್ಷಕ್ಕೆ ಇಳಿದರೆ ಅದೇ ₹20 ಲಕ್ಷದ ಪೂಲಿಗೆ ದರ 33.3% ಆಗುತ್ತದೆ. ಯಾರೂ ಒಂದು ರೂಪಾಯಿ ಹೆಚ್ಚು ಖರ್ಚು ಮಾಡಿರೋದಿಲ್ಲ.

ಹೀಗಿದ್ದಾಗ ಅಂತರವನ್ನು ಮುಚ್ಚಿಡೋದಕ್ಕಿಂತ ಬಜೆಟ್ಟಿನಲ್ಲೇ ತೋರಿಸೋದು ಒಳ್ಳೆಯದು. ನಮೂನೆಯಲ್ಲಿ ‘ಸಂಸ್ಥೆಯ ಸ್ವಂತ ಪಾಲು’ ಅನ್ನೋ ಕಾಲಂ ಇದ್ದು, ವಸೂಲಾಗದ ಓವರ್‌ಹೆಡ್ ಅನ್ನು ಅಲ್ಲಿ ಬರೆಯಲು ನಿಯಮ ಒಪ್ಪಿದರೆ ಆ ₹66,667 ಅಲ್ಲಿಗೆ ಹೋಗಬೇಕು. ಕಾಲಂ ಇಲ್ಲದಿದ್ದರೆ ಟಿಪ್ಪಣಿಯಲ್ಲಿ ಒಂದು ಸಾಲು: ‘ನಮ್ಮ ದರ ಮಾರ್ಪಡಿಸಿದ ನೇರ ವೆಚ್ಚದ 25%, ನಿಮ್ಮ ಮಿತಿಯಂತೆ ಒಟ್ಟು ಅನುದಾನದ 10% ಕೇಳಿದ್ದೇವೆ, ಉಳಿದದ್ದನ್ನು ಸಂಸ್ಥೆಯೇ ಭರಿಸುತ್ತದೆ.’ ಆದರೆ ಆ ಹಣ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದಾಗ ಮಾತ್ರ ಕೊನೆಯ ಮಾತನ್ನು ಬರೆಯಬೇಕು. ಗೊತ್ತಿಲ್ಲದಿದ್ದರೆ ಸಹಿ ಹಾಕೋಕೆ ಮೊದಲು ಪ್ರಾಜೆಕ್ಟಿನ ಗಾತ್ರವನ್ನೇ ಮತ್ತೊಮ್ಮೆ ನೋಡಬೇಕು.