ಕಾರ್ಯಕ್ರಮ ಸಂಯೋಜಕರ ಸ್ವವಿವರದಲ್ಲಿ ಅಂಕಿಗಳ ಅರ್ಥ

ಸ್ವಯಂಸೇವಾ ಸಂಸ್ಥೆಗಳ ಆಯ್ಕೆ ಸಮಿತಿಗಳಲ್ಲಿ ಹಲವು ವರ್ಷ ಕುಳಿತವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೆಂದರೆ, ಅರ್ಜಿದಾರರ ಸ್ವವಿವರದಲ್ಲಿ ದೊಡ್ಡ ಅಂಕಿ ಕಂಡೊಡನೆ ಅದು ಯಾವುದರ ಎಣಿಕೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸುವ ಯೋಜನೆಯೊಂದು ಯಾದಗಿರಿ ಜಿಲ್ಲೆಯ 12 ಹಳ್ಳಿಗಳಲ್ಲಿ ನಡೆಯಿತೆಂದು ಭಾವಿಸಿದರೆ, ಅದರ ಸಂಯೋಜಕರು ‘4,000 ಜನರನ್ನು ತಲುಪಲಾಗಿದೆ’ ಎಂದು ಬರೆಯುವುದು ಸುಲಭ. ಆದರೆ ಆ ಸಂಖ್ಯೆ ಬಹುಮಟ್ಟಿಗೆ ಪಾಲಕರ ಸಭೆ, ಜಾಥಾ ಮತ್ತು ತರಬೇತಿಗಳ ಹಾಜರಿ ಪುಸ್ತಕದ ಸಹಿಗಳ ಮೊತ್ತವಾಗಿರುತ್ತದೆ, ಅಂದರೆ ಒಬ್ಬಳೇ ತಾಯಿ ಅದರಲ್ಲಿ ಹತ್ತು ಸಲ ಎಣಿಕೆಗೆ ಬಂದಿರಬಹುದು.

ಫಲಾನುಭವಿಗಳ ಸಂಖ್ಯೆಯೆಂದರೆ ಒಬ್ಬ ವ್ಯಕ್ತಿಯನ್ನು ಒಮ್ಮೆ ಮಾತ್ರ ಎಣಿಸಿದ ಸಂಖ್ಯೆ. ಆರಂಭಿಕ ಸಮೀಕ್ಷೆ, ಅಂದರೆ ಕೆಲಸ ಶುರುವಾಗುವ ಮೊದಲಿನ ಸ್ಥಿತಿಯ ದಾಖಲೆ, 240 ಮಕ್ಕಳನ್ನು ಗುರುತಿಸಿದ್ದು, ಅವರಲ್ಲಿ 186 ಮಕ್ಕಳು ಶಾಲೆಗೆ ಸೇರಿ, ಮರುವರ್ಷದ ಕೊನೆಯಲ್ಲಿ 141 ಮಕ್ಕಳು ತರಗತಿಯಲ್ಲಿ ಉಳಿದಿದ್ದರೆ, ಸ್ವವಿವರದಲ್ಲಿ ಬರಬೇಕಾದದ್ದು ಈ ಮೂರು ಅಂಕಿಗಳೇ. ದಾಖಲಾತಿ ಯೋಜನೆಯ ನೇರ ಫಲಿತವಾದರೆ, ಉಳಿದುಕೊಳ್ಳುವಿಕೆ ಅದರ ನಿಜವಾದ ಪರಿಣಾಮ. ಮಗು ಉಳಿದಿದೆಯೇ ಎಂಬುದನ್ನು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್ ಮತ್ತು ಶಾಲೆಯ ಹಾಜರಿಯೊಂದಿಗೆ ತಾಳೆ ನೋಡಲಾಗಿದೆಯೆಂದು ಅರ್ಧ ಸಾಲು ಸೇರಿಸಿದರೆ ಅಂಕಿಗೆ ಆಧಾರ ದೊರೆಯುತ್ತದೆ. ಮತ್ತೆ ಶಾಲೆ ಬಿಟ್ಟ 45 ಮಕ್ಕಳಲ್ಲಿ ಹೆಚ್ಚಿನವರು ಸುಗ್ಗಿಯ ಬಳಿಕ ಪೋಷಕರೊಡನೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರೆಂದು ಸಂದರ್ಶನದಲ್ಲಿ ವಿವರಿಸಬಲ್ಲವರು, ನೂರಕ್ಕೆ ನೂರು ಯಶಸ್ಸು ಬರೆದುಕೊಂಡವರಿಗಿಂತ ಕ್ಷೇತ್ರವನ್ನು ಹೆಚ್ಚು ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ.

ಹಣದ ವಿಷಯದಲ್ಲಿ ‘ನಿರ್ವಹಣೆ’ ಎಂಬ ಒಂದೇ ಪದ ಹಲವು ಅಧಿಕಾರಗಳನ್ನು ಮರೆಮಾಡುತ್ತದೆ. ಸಂಸ್ಥೆಯ ಒಟ್ಟು ಅನುದಾನವನ್ನು ತನ್ನ ಹೆಸರಿಗೆ ಬರೆದುಕೊಳ್ಳುವ ಬದಲು, ವರ್ಷಕ್ಕೆ 38 ಲಕ್ಷ ರೂಪಾಯಿಯ ಯೋಜನೆಯಲ್ಲಿ ಮುಂಗಡಪತ್ರ ಸಿದ್ಧಪಡಿಸಿದವರು, ವೋಚರುಗಳಿಗೆ ಮಂಜೂರಾತಿ ನೀಡಿದವರು ಮತ್ತು ದಾನಿಗಳಿಗೆ ಬಳಕೆ ಪ್ರಮಾಣಪತ್ರ, ಅಂದರೆ ಹಣ ನಿಗದಿತ ಉದ್ದೇಶಕ್ಕೇ ಖರ್ಚಾಗಿದೆಯೆಂಬ ದೃಢೀಕರಣದ ಕರಡು ತಯಾರಿಸಿದವರು ತಾವೇ ಆಗಿದ್ದರೆ, ಅಷ್ಟನ್ನೇ ಹೇಳುವುದು ಸರಿ. ಹಣದ ಮೂಲವೂ ಮುಖ್ಯ: ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ವರದಿಗೂ ವಿದೇಶಿ ವಂತಿಗೆಯ ಲೆಕ್ಕಕ್ಕೂ ನಿಯಮಗಳು ಬೇರೆ, 2020ರ ತಿದ್ದುಪಡಿಯ ನಂತರ ವಿದೇಶಿ ವಂತಿಗೆಯಲ್ಲಿ ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲವಾದ್ದರಿಂದ, ಆ ಮಿತಿಯೊಳಗೆ ಕೆಲಸ ಮಾಡಿದವರು ಅದನ್ನು ನಮೂದಿಸಬೇಕು.

ಈ ಅಂಕಿಗಳೆಲ್ಲ ಸಂಸ್ಥೆಯ ಕಡತಗಳಲ್ಲಿರುವುದರಿಂದ, ಹುದ್ದೆ ತೊರೆದ ಮೇಲೆ ನೆನಪಿನಿಂದ ಬರೆದವು ಹಿಗ್ಗುವುದೇ ಹೆಚ್ಚು. ಆದ್ದರಿಂದ ಪ್ರತಿ ವಾರ್ಷಿಕ ವರದಿ ಸಲ್ಲಿಕೆಯಾದ ವಾರದಲ್ಲಿಯೇ, ಮಕ್ಕಳ ಹೆಸರು, ವಿಳಾಸಗಳನ್ನು ಬಿಟ್ಟು, ಒಟ್ಟು ಅಂಕಿಗಳನ್ನಷ್ಟೇ ಮೇಲಧಿಕಾರಿಯ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳುವುದು ರೂಢಿಯಾಗಬೇಕು.