ಅಳಿವೆಯ ನೀರು ಮತ್ತು ಹಾವುಮೀನಿನ ಹಾದಿ

ಚನ್ನಗಿರಿಯ ಶಾಂತಿಸಾಗರದಿಂದ ಹೊರಡುವ ಹರಿದ್ರಾ, ಜಗಳೂರು ಸೀಮೆಯ ಮಳೆನೀರನ್ನು ಒಯ್ಯುವ ಚಿನ್ನಹಗರಿ, ಹೊನ್ನಾಳಿ ಮತ್ತು ನ್ಯಾಮತಿಗಳ ಹಳ್ಳಕೊಳ್ಳಗಳು, ಇವೆಲ್ಲವುಗಳ ನೀರು ಕಡೆಗೆ ಸೇರುವುದು ತುಂಗಭದ್ರೆಯನ್ನೇ. ತುಂಗಭದ್ರೆಯು ಕೃಷ್ಣೆಯೊಡನೆ ಕೂಡಿ, ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಹೀಗೆ ನದಿಯು ಕಡಲನ್ನು ಕೂಡುವ ಎಡೆಗೆ ಅಳಿವೆಯೆಂದೂ, ಅಲ್ಲಿಯ ಬೆರಕೆ ನೀರಿಗೆ ಸವುಳು ನೀರೆಂದೂ ಹೆಸರು.

ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರ ಒಂದು ಪಾಲಿಗೆ ಮೂರು ಪಾಲು ಹೊಳೆಯ ನೀರು ಬೆರೆತರೆ ಲೀಟರಿಗೆ ಸುಮಾರು 9 ಗ್ರಾಂ ಉಳಿಯುತ್ತದೆ. ಎಲುಬುಳ್ಳ ಮೀನುಗಳ ರಕ್ತದ ಸಾಂದ್ರತೆಯೂ ಹೆಚ್ಚುಕಡಿಮೆ ಇಷ್ಟೇ ಆಗಿದೆ. ಸಿಹಿನೀರಿನಲ್ಲಿ ಮೀನಿನ ಮೈಯೊಳಗೆ ನೀರು ನುಗ್ಗುತ್ತದೆ. ಅದನ್ನು ಮೀನು ಮೂತ್ರವಾಗಿ ಹೊರಹಾಕುತ್ತಿರಬೇಕು. ಕಡಲಿನಲ್ಲಾದರೋ ಮೈಯ ನೀರೇ ಹೊರಗೆ ಸೋರುವುದರಿಂದ, ಉಪ್ಪುನೀರನ್ನು ಕುಡಿದು ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ತಳ್ಳಬೇಕು. ಈ ಎರಡು ವ್ಯವಸ್ಥೆಗಳ ನಡುವೆ ಮಾರ್ಪಡಲು ಅಳಿವೆಯು ಮೀನಿಗೆ ಅವಕಾಶವೀಯುತ್ತದೆ.

ಅಂಗ್ವಿಲಾ ಕುಲದ ಹಾವುಮೀನು ಇದಕ್ಕೆ ಉತ್ತಮ ನಿದರ್ಶನ. ಅದು ಹುಟ್ಟುವುದು ಆಳಸಮುದ್ರದಲ್ಲಿ. ಎಲೆಯಾಕಾರದ ಮರಿಯು ಪ್ರವಾಹದೊಡನೆ ತೇಲಿ, ತೀರದ ಬಳಿ ಗಾಜಿನಂತೆ ಪಾರದರ್ಶಕವಾದ ಎಳೆಯ ರೂಪವನ್ನು ತಾಳುತ್ತದೆ. ಉಬ್ಬರ ಬಂದಾಗ ನೀರಿನೊಡನೆ ಒಳಸಾಗುತ್ತದೆ. ಇಳಿತದಲ್ಲಿ ತಳಕ್ಕಂಟಿಕೊಂಡು ಹಿಂದೆ ಹೋಗದೆ ನಿಲ್ಲುತ್ತದೆ. ಬಳಿಕ ಹೊಳೆಯನ್ನೇರಿ ಅನೇಕ ವರ್ಷ ಬೆಳೆಯುತ್ತದೆ. ಪ್ರೌಢವಾದಾಗ ಅದರ ಕಣ್ಣು ಹಿಗ್ಗಿ, ಜೀರ್ಣಾಂಗ ಕುಗ್ಗಿ, ಆಹಾರವನ್ನೇ ತೊರೆದು ಕಡಲಿಗೆ ಮರಳುತ್ತದೆ. ಅಲ್ಲಿ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ.

ಕೃಷ್ಣೆಯ ಅಳಿವೆಯಿಂದ ಮೇಲೇರುವ ಮರಿಗೆ ಇಂದು ಎದುರಾಗುವುವು ವಿಜಯವಾಡದ ಪ್ರಕಾಶಂ ಬ್ಯಾರೇಜು, 1967ರ ನಾಗಾರ್ಜುನಸಾಗರ, ಶ್ರೀಶೈಲ ಹಾಗೂ ಹೊಸಪೇಟೆಯ ಬಳಿಯ 1953ರ ತುಂಗಭದ್ರಾ ಅಣೆಕಟ್ಟುಗಳು. ತೇವವಿರುವ ಸಣ್ಣ ಕಟ್ಟೆಯ ಒರಟು ಕಲ್ಲನ್ನು ಮರಿಯು ತೆವಳಿ ದಾಟಬಲ್ಲದು. ಸುಮಾರು 124 ಮೀಟರು ಎತ್ತರದ ನಾಗಾರ್ಜುನಸಾಗರವನ್ನು ದಾಟಲಾರದು. ಇಳಿಯುವ ಹಿರಿಯ ಮೀನಿಗೆ ವಿದ್ಯುದಾಗಾರದ ತಿರುಗುಚಕ್ರಗಳು ಮೃತ್ಯುಸ್ವರೂಪವಾಗುತ್ತವೆ. ಯಾವುದೇ ಹೊಳೆಯ ಮೇಲ್ಭಾಗದಲ್ಲಿ ಹಿರಿಯ ಹಾವುಮೀನುಗಳು ಮಾತ್ರ ಬಲೆಗೆ ಬಿದ್ದು, ಎಳೆಯವು ಕಾಣದಿದ್ದರೆ, ಕೆಳಗಿನ ಹಾದಿ ಮುಚ್ಚಿದೆಯೆಂದು ತಿಳಿಯಬಹುದು. ಹಿರಿಯವು ಅಳಿದೊಡನೆ ಆ ಸಂತತಿಯೂ ಮುಗಿಯುತ್ತದೆ. ಕೆರೆಯಲ್ಲಿ ಅದರ ಮರಿಯನ್ನು ಸಾಕಬಹುದಾದರೂ, ಅಲ್ಲಿ ಅದು ಸಂತಾನವನ್ನು ಪಡೆಯದು.

ಇದಕ್ಕೆ ಪ್ರತಿಯಾಗಿ, ಶಿರಸಿಯ ಸನಿಹದಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿಸಮುದ್ರವನ್ನು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯು 2024ರಲ್ಲಿ ರಾಮ್‌ಸರ್ ತಾಣವೆಂದು ಮಾನ್ಯತೆ ಪಡೆಯಿತು. ಮಳೆಗಾಲದಲ್ಲಿ ಅಲ್ಲಿಯ ನೀರು ಬಹುಪಾಲು ಸಿಹಿಯಾಗುತ್ತದೆ. ಬೇಸಗೆಯಲ್ಲಿ ಕಡಲುಪ್ಪು ಒಳನಾಡಿನತ್ತ ಏರುತ್ತದೆ. ಹೊಳೆಯ ನೀರನ್ನು ಮೇಲೆಯೇ ತಡೆದರೆ ಈ ಏರಿಳಿತವು ಕೆಡುತ್ತದೆ. ಹಾವುಮೀನಿಗೆ ಹೊಳೆ, ಅಳಿವೆ, ಕಡಲು ಮೂರೂ ಸೇರಿ ಒಂದೇ ಮನೆ. ನಡುವಣ ಬಾಗಿಲು ಮುಚ್ಚಿದರೆ ಉಳಿದೆರಡು ಕೋಣೆಗಳಿದ್ದೂ ಫಲವಿಲ್ಲ.